ಅರಿಶಿನದ ಹಳದಿ ಎಲ್ಲಿದೆ?

ಆರತಿಗೆ ಓಕುಳಿ ಕದಡುವುದನ್ನು ಹತ್ತಿರದಿಂದ ನೋಡಿದ್ದೀರಾ? ತಟ್ಟೆಯಲ್ಲಿ ನೀರು ಹಾಕಿ, ಅದಕ್ಕೆ ಚಿಟಿಕೆ ಅರಿಶಿನ ಬೆರೆಸುತ್ತಾರೆ. ನೀರು ಹಳದಿಯಾಗುತ್ತದೆ. ಆಮೇಲೆ ಎಲೆಗೆ ಹಚ್ಚುವ ಸುಣ್ಣವನ್ನು ಬೆರಳ ತುದಿಯಲ್ಲಿ ತೆಗೆದು ಆ ನೀರಿನಲ್ಲಿ ಆಡಿಸುತ್ತಾರೆ. ಎರಡೇ ಕ್ಷಣ, ನೀರು ರಕ್ತದ ಹಾಗೆ ಕೆಂಪಾಗುತ್ತದೆ. ಹಾಕಿದ್ದು ಹಳದಿ ಪುಡಿ ಮತ್ತು ಬಿಳಿ ಸುಣ್ಣ. ಕೆಂಪನ್ನು ಯಾರೂ ತಂದು ಸುರಿಯಲಿಲ್ಲ. ಅದೇ ನೀರಿಗೆ ನಿಂಬೆಹಣ್ಣು ಹಿಂಡುತ್ತ ಹೋದರೆ ಕೆಂಪು ಕರಗಿ ಹಳದಿ ಮರಳಿ ಬರುತ್ತದೆ. ಸಾರು ಚೆಲ್ಲಿದ ಬಿಳಿ ಅಂಗಿಗೆ ಸಾಬೂನು ತಿಕ್ಕಿದಾಗ ಕಲೆ ಕೆಂಪಾಗಿ ಗಾಬರಿ ಹುಟ್ಟಿಸುವುದೂ ಇದೇ ಕಾರಣಕ್ಕೆ.

ಸುಣ್ಣ ಬೀಳುವ ಮುಂಚೆ ಆ ಕೆಂಪು ಎಲ್ಲಿತ್ತು? ನಿಂಬೆರಸ ಬಿದ್ದ ಮೇಲೆ ಎಲ್ಲಿಗೆ ಹೋಯಿತು? ಅರಿಶಿನದೊಳಗೆ ಹಳದಿ ಎಂಬ ವಸ್ತು ಇದ್ದಿದ್ದರೆ ಅದು ಹೀಗೆ ಹೋಗಿ ಬಂದು ಮಾಡುವುದು ಸಾಧ್ಯವೇ? ಸುಮಾರು 360 ವರ್ಷಗಳ ಹಿಂದೆ ಇಂಗ್ಲೆಂಡಿನ ರಾಬರ್ಟ್ ಬಾಯ್ಲ್ ಬಹುಮಟ್ಟಿಗೆ ಇದೇ ಪ್ರಯೋಗ ಮಾಡಿದ್ದ. ಅವನ ಕೈಯಲ್ಲಿದ್ದದ್ದು ಅರಿಶಿನವಲ್ಲ, ವಯೊಲೆಟ್ ಹೂವಿನ ನೀಲಿ ಪಾಕ. ಅದಕ್ಕೆ ಆಮ್ಲ ಹಾಕಿದರೆ ಕೆಂಪು, ಕ್ಷಾರ ಹಾಕಿದರೆ ಹಸಿರು. 1664ರಲ್ಲಿ ಬಣ್ಣಗಳ ಬಗ್ಗೆ ಬರೆದ ಪುಸ್ತಕದಲ್ಲಿ ಅವನು ಇಂಥ ಹತ್ತಾರು ಪ್ರಯೋಗಗಳನ್ನು ವಿವರಿಸಿದ. ಬಾಯ್ಲ್‌ನ ಸ್ನೇಹಿತನೂ ವೈದ್ಯನೂ ಆಗಿದ್ದ ಜಾನ್ ಲಾಕ್ ಆ ಕಾಲದ ಇಂಥ ಚಿಂತನೆಗಳನ್ನೆಲ್ಲ ಒಗ್ಗೂಡಿಸಿ ತತ್ತ್ವಶಾಸ್ತ್ರದ ಒಂದು ದೊಡ್ಡ ವಿಂಗಡಣೆಗೆ ಸ್ಪಷ್ಟ ರೂಪ ಕೊಟ್ಟ. ಪ್ರಾಥಮಿಕ ಗುಣಗಳು ಮತ್ತು ದ್ವಿತೀಯಕ ಗುಣಗಳು ಎಂಬುದೇ ಆ ವಿಂಗಡಣೆ. ಮನುಷ್ಯನ ತಿಳಿವಳಿಕೆಯನ್ನು ಕುರಿತ ಅವನ ದೊಡ್ಡ ಗ್ರಂಥ 1689ರ ಕೊನೆಯಲ್ಲಿ ಹೊರಬಂತು. ಮುಖಪುಟದ ಮೇಲೆ ಮುದ್ರಿಸಿದ್ದು 1690 ಎಂದು.

ಗೋಧಿಕಾಳನ್ನು ಸೀಳುತ್ತ ಹೋದರೆ

ಲಾಕ್ ಒಂದು ಗೋಧಿಕಾಳನ್ನು ತೆಗೆದುಕೊಳ್ಳುತ್ತಾನೆ. ಅದನ್ನು ಎರಡಾಗಿ ಸೀಳಿ. ಪ್ರತಿ ಹೋಳಿಗೂ ಒಂದು ಗಾತ್ರವಿದೆ, ಒಂದು ಆಕಾರವಿದೆ, ಗಟ್ಟಿತನವಿದೆ. ಅದು ಚಲಿಸಬಲ್ಲದು ಅಥವಾ ನಿಂತಲ್ಲೇ ನಿಲ್ಲಬಲ್ಲದು. ಮತ್ತೆ ಸೀಳಿ, ಮತ್ತೂ ಸೀಳಿ. ಹೋಳುಗಳು ಕಣ್ಣಿಗೆ ಕಾಣದಷ್ಟು ಸಣ್ಣವಾದ ಮೇಲೂ ಈ ಗುಣಗಳು ಅವುಗಳನ್ನು ಬಿಟ್ಟುಹೋಗುವುದಿಲ್ಲ. ಗಾತ್ರವೇ ಇಲ್ಲದ, ಆಕಾರವೇ ಇಲ್ಲದ ತುಣುಕನ್ನು ನಾವು ಊಹಿಸಲಾರೆವು. ವಸ್ತು ಎಂದ ಮೇಲೆ ಅದರ ಜೊತೆಗೆ ಇರಲೇಬೇಕಾದ ಇವನ್ನು ಲಾಕ್ ಪ್ರಾಥಮಿಕ ಗುಣಗಳೆಂದು ಕರೆದ. ಎಣಿಕೆಯೂ ಇದರಲ್ಲೇ ಸೇರುತ್ತದೆ.

ಬಣ್ಣ, ರುಚಿ, ವಾಸನೆ, ಶಬ್ದ, ಬಿಸಿ, ತಂಪು ಇವೆಲ್ಲ ದ್ವಿತೀಯಕ ಗುಣಗಳು. ಇವು ಸುಳ್ಳು ಎಂದು ಲಾಕ್ ಎಲ್ಲೂ ಹೇಳಲಿಲ್ಲ. ಅವನ ಪ್ರಕಾರ ಇವು ವಸ್ತುವಿನಲ್ಲಿರುವ ಶಕ್ತಿಗಳು: ಕಣ್ಣಿಗೆ ಕಾಣದ ಕಣಗಳ ಗಾತ್ರ, ಆಕಾರ, ಜೋಡಣೆ, ಚಲನೆಗಳಿಂದಾಗಿ ನಮ್ಮಲ್ಲಿ ಒಂದು ಅನುಭವವನ್ನು ಎಬ್ಬಿಸಬಲ್ಲ ಶಕ್ತಿಗಳು. ವ್ಯತ್ಯಾಸವಿರುವುದು ಹೋಲಿಕೆಯಲ್ಲಿ. ಚೆಂಡು ದುಂಡಗೆ ಕಂಡಾಗ, ಆ ದುಂಡನೆಯ ಅನುಭವಕ್ಕೆ ಹೋಲುವ ದುಂಡುತನ ಚೆಂಡಿನಲ್ಲೇ ಇದೆ. ಚೆಂಡು ಕೆಂಪಗೆ ಕಂಡಾಗ ಹಾಗಲ್ಲ. ಆ ಕೆಂಪಿನ ಅನುಭವವನ್ನು ಎಬ್ಬಿಸುವ ಏನೋ ಒಂದು ಚೆಂಡಿನ ಮೇಲ್ಮೈಯಲ್ಲಿದೆ, ಆದರೆ ಅದು ನಮ್ಮ ಅನುಭವದ ಕೆಂಪನ್ನು ಹೋಲುವುದಿಲ್ಲ. ಮುಳ್ಳು ಚುಚ್ಚಿದಾಗ ನೋವಾಗುತ್ತದೆ. ಮುಳ್ಳಿನಲ್ಲಿ ಮೊನೆ ಇದೆ, ನೋವಿಲ್ಲ. ಬಣ್ಣವನ್ನು ಲಾಕ್ ನೋವಿನ ಪಕ್ಕಕ್ಕೆ ತಂದು ನಿಲ್ಲಿಸುತ್ತಾನೆ.

ಅವನಿಗಿಂತ ಮುಂಚೆ ಗೆಲಿಲಿಯೋ ಇನ್ನೂ ಕಟುವಾದ ಮಾತು ಹೇಳಿದ್ದ. 1623ರ ಒಂದು ಗ್ರಂಥದಲ್ಲಿ ಅವನು ಕಚಗುಳಿಯ ಉದಾಹರಣೆ ಕೊಡುತ್ತಾನೆ. ಕೈಯನ್ನು ಕಲ್ಲಿನ ವಿಗ್ರಹದ ಮೇಲೆ ಆಡಿಸಿದರೂ ಅದೇ ಚಲನೆ, ಜೀವವಿರುವ ಮನುಷ್ಯನ ಮೇಲೆ ಆಡಿಸಿದರೂ ಅದೇ ಚಲನೆ. ಮನುಷ್ಯನಿಗೆ ಕಚಗುಳಿಯಾಗುತ್ತದೆ, ಹಾಗೆಂದು ಕಚಗುಳಿ ಎಂಬ ಗುಣ ಕೈಯಲ್ಲಿದೆ ಎನ್ನುವವರುಂಟೇ? ಬಣ್ಣ, ರುಚಿ, ವಾಸನೆಗಳೂ ಹಾಗೆಯೇ, ಅನುಭವಿಸುವ ಜೀವಿಗಳನ್ನು ತೆಗೆದುಬಿಟ್ಟರೆ ಅವು ಹೆಸರುಗಳಾಗಿ ಮಾತ್ರ ಉಳಿಯುತ್ತವೆ ಎಂದ ಗೆಲಿಲಿಯೋ. ಲಾಕ್ ಅಷ್ಟು ದೂರ ಹೋಗುವುದಿಲ್ಲ. ವಸ್ತುವಿನಲ್ಲಿ ಶಕ್ತಿ ಉಳಿದೇ ಇರುತ್ತದೆ ಎನ್ನುತ್ತಾನೆ. ಇಬ್ಬರ ನಡುವಿನ ಈ ಅಂತರ ಸಣ್ಣದಾಗಿ ಕಾಣುತ್ತದೆ, ಆದರೆ ಮುಂದಿನ ಚರ್ಚೆಯೆಲ್ಲ ಅದರ ಮೇಲೆಯೇ ನಿಂತಿದೆ.

ಒನಕೆ ಏನು ಮಾಡಬಲ್ಲದು?

ಲಾಕ್‌ನ ವಾದವನ್ನು ಅನೇಕರು ಹೀಗೆ ಅರ್ಥ ಮಾಡಿಕೊಳ್ಳುತ್ತಾರೆ: ಬಣ್ಣ ಒಬ್ಬರಿಗೊಂದು ಥರ ಕಾಣುತ್ತದೆ, ಆದ್ದರಿಂದ ಅದು ವಸ್ತುವಿನಲ್ಲಿಲ್ಲ. ವಾದ ಅಷ್ಟೇ ಆಗಿದ್ದರೆ ಅದು ಒಂದು ಗಳಿಗೆಯೂ ನಿಲ್ಲುತ್ತಿರಲಿಲ್ಲ. ತಟ್ಟೆ ಓರೆಯಿಂದ ನೋಡಿದರೆ ಮೊಟ್ಟೆಯಾಕಾರವಾಗಿ ಕಾಣುತ್ತದೆ. ಹಾಗೆಂದು ತಟ್ಟೆಗೆ ಆಕಾರವೇ ಇಲ್ಲ ಎನ್ನುತ್ತೇವೆಯೇ? ಲಾಕ್ ಕೇಳುವ ಪ್ರಶ್ನೆ ಬೇರೆ. ಬಣ್ಣದಲ್ಲಾದ ಬದಲಾವಣೆಯನ್ನು ವಿವರಿಸಲು ವಸ್ತುವಿನಲ್ಲಿ ನಿಜಕ್ಕೂ ಏನಿರಬೇಕು?

ಅದಕ್ಕೆ ಅವನು ಕೊಡುವ ಉದಾಹರಣೆ ಬಾದಾಮಿ. ಬಾದಾಮಿಯನ್ನು ಕುಟ್ಟಿದರೆ ಅದರ ಶುಭ್ರ ಬಿಳುಪು ಮಾಸಲಾಗುತ್ತದೆ, ಸಿಹಿ ರುಚಿ ಜಿಡ್ಡಿಗೆ ತಿರುಗುತ್ತದೆ. ಒನಕೆಯ ಪೆಟ್ಟಿಗೆ ಏನು ಮಾಡಲು ಸಾಧ್ಯ? ಕಣಗಳನ್ನು ಒಡೆದು ಅವುಗಳ ಜೋಡಣೆಯನ್ನು ಕೆಡಿಸುವುದು, ಅಷ್ಟೇ. ಜೋಡಣೆ ಬದಲಾದದ್ದೇ ಬಣ್ಣ ಬದಲಾಗಲು ಸಾಕಾಯಿತು ಎಂದ ಮೇಲೆ, ಬಾದಾಮಿಯೊಳಗೆ ಜೋಡಣೆಯ ಜೊತೆಗೆ ‘ಬಿಳುಪು’ ಎಂಬ ಇನ್ನೊಂದನ್ನು ಇಡಬೇಕಾದ ಅಗತ್ಯ ಉಳಿಯುವುದಿಲ್ಲ.

ಇನ್ನೊಂದು ಉದಾಹರಣೆಯನ್ನು ಮನೆಯಲ್ಲೇ ಮಾಡಿ ನೋಡಬಹುದು. ಒಂದು ಕೈಯನ್ನು ಬಿಸಿನೀರಿನಲ್ಲೂ ಇನ್ನೊಂದನ್ನು ತಣ್ಣೀರಿನಲ್ಲೂ ಸ್ವಲ್ಪ ಹೊತ್ತು ಇಟ್ಟು, ಎರಡನ್ನೂ ಒಟ್ಟಿಗೆ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ. ಒಂದು ಕೈಗೆ ಆ ನೀರು ತಂಪು, ಇನ್ನೊಂದಕ್ಕೆ ಬಿಸಿ. ಒಂದೇ ನೀರು ಒಂದೇ ಹೊತ್ತಿಗೆ ಬಿಸಿಯೂ ತಂಪೂ ಆಗಿರಲಾರದು. ಆದರೆ ನೀರಿನ ಕಣಗಳ ಚಲನೆ ಒಂದು ಕೈಯೊಳಗಿನ ಚಲನೆಯನ್ನು ಹೆಚ್ಚಿಸಿ ಇನ್ನೊಂದರಲ್ಲಿ ತಗ್ಗಿಸಿತು ಎಂದುಕೊಂಡರೆ ವಿರೋಧವೆಲ್ಲ ಕರಗುತ್ತದೆ. ಆಕಾರದ ವಿಷಯದಲ್ಲಿ ಇಂಥದ್ದು ನಡೆಯುವುದಿಲ್ಲ ಎಂದು ಲಾಕ್ ಸೇರಿಸುತ್ತಾನೆ: ಒಂದು ಕೈಗೆ ಗುಂಡಾಗಿ ಸಿಕ್ಕ ವಸ್ತು ಇನ್ನೊಂದು ಕೈಗೆ ಚೌಕವಾಗಿ ಸಿಗುವುದಿಲ್ಲ.

ಆಕಾರವನ್ನು ಕಣ್ಣು ನೋಡಿ ಹೇಳಬಲ್ಲದು, ಕೈ ಮುಟ್ಟಿ ಹೇಳಬಲ್ಲದು. ಬಣ್ಣಕ್ಕೆ ಮಾತ್ರ ಒಂದೇ ಬಾಗಿಲು. ಈ ಭೇದವನ್ನು ನಮ್ಮ ನ್ಯಾಯ-ವೈಶೇಷಿಕರೂ ಗುರುತಿಸಿದ್ದರು. ಕಣ್ಣೊಂದರಿಂದಲೇ ತಿಳಿಯುವ ಗುಣ ಯಾವುದೋ ಅದು ರೂಪ, ಎಂದರೆ ಬಣ್ಣ, ಎಂದು ಅನ್ನಂಭಟ್ಟನ ತರ್ಕಸಂಗ್ರಹ ಹೇಳುತ್ತದೆ. ಸಂಖ್ಯೆ, ಪರಿಮಾಣಗಳು ಕಣ್ಣಿಗೂ ಸ್ಪರ್ಶಕ್ಕೂ ಸಿಗುತ್ತವೆ ಎಂಬುದು ಆ ಪರಂಪರೆಯ ನಿಲುವು. ಆದರೆ ಅಲ್ಲಿಂದ ಅವರು ಲಾಕ್‌ನ ದಾರಿ ಹಿಡಿಯಲಿಲ್ಲ. ವೈಶೇಷಿಕರ ಪೃಥ್ವೀ ಪರಮಾಣುವಿಗೆ ಬಣ್ಣ ಇದೆ; ಅತಿ ಸೂಕ್ಷ್ಮವಾದದ್ದರಿಂದ ಅದು ಕಾಣುವುದಿಲ್ಲ, ಅಷ್ಟೇ. ಆವಿಗೆಯಲ್ಲಿ ಸುಟ್ಟ ಹಸಿ ಮಡಕೆ ಕೆಂಪಾಗುವುದು ಹೇಗೆ ಎಂಬುದರ ಮೇಲೆ ಎರಡು ಪಕ್ಷಗಳು ದೀರ್ಘವಾಗಿ ವಾದಿಸಿದವು. ಮಡಕೆ ಪರಮಾಣುಗಳಾಗಿ ಬಿಚ್ಚಿಕೊಂಡು, ಅವುಗಳ ಹಳೆಯ ಬಣ್ಣ ಅಳಿದು ಕೆಂಪು ಹುಟ್ಟಿ, ಮತ್ತೆ ಮಡಕೆಯಾಗಿ ಕೂಡುತ್ತದೆ ಎಂದರು ವೈಶೇಷಿಕರು. ಇಡೀ ಮಡಕೆಯೇ ಇದ್ದ ಹಾಗೆಯೇ ಬೇಯುತ್ತದೆ ಎಂದರು ನೈಯಾಯಿಕರು. ಇಬ್ಬರಿಗೂ ಕೆಂಪು ವಸ್ತುವಿನಲ್ಲೇ ಹುಟ್ಟುವ ಗುಣ. ಲಾಕ್ ಆ ಆವಿಗೆಯ ಮುಂದೆ ನಿಂತಿದ್ದರೆ, ಬೆಂಕಿ ಕಣಗಳ ಜೋಡಣೆಯನ್ನು ಬದಲಿಸಿತು, ಕೆಂಪು ಹುಟ್ಟುವುದು ನೋಡುವವನಲ್ಲಿ ಎನ್ನುತ್ತಿದ್ದ.

ಬರ್ಕ್ಲಿಯ ಆಕ್ಷೇಪ

ಐರ್ಲೆಂಡಿನ ಜಾರ್ಜ್ ಬರ್ಕ್ಲಿ 1710ರಲ್ಲಿ ಈ ವಿಂಗಡಣೆಯನ್ನೇ ಅಲುಗಾಡಿಸಿದ. ಬಣ್ಣ ನೋಡುವವನಿಗೆ ತಕ್ಕಂತೆ ಬದಲಾಗುತ್ತದೆ ಎಂಬ ಕಾರಣಕ್ಕೆ ಅದನ್ನು ಮನಸ್ಸಿಗೆ ಸೇರಿಸುವುದಾದರೆ, ಗಾತ್ರವೂ ಹತ್ತಿರ-ದೂರಕ್ಕೆ ತಕ್ಕಂತೆ ಬದಲಾಗುತ್ತದಲ್ಲ? ನಮ್ಮ ಕಣ್ಣಿಗೆ ಕಾಣಿಸದಷ್ಟು ಸಣ್ಣದಾದದ್ದು ಒಂದು ಹುಳಕ್ಕೆ ಬೆಟ್ಟದಷ್ಟು ದೊಡ್ಡದು. ಇನ್ನೂ ಆಳವಾದ ಮಾತೊಂದನ್ನು ಅವನು ಎತ್ತಿದ. ಬಣ್ಣವನ್ನು, ಮುಟ್ಟಿದಾಗಿನ ಅನುಭವವನ್ನು ಪೂರ್ತಿ ತೆಗೆದುಬಿಟ್ಟು ಬರೀ ಆಕಾರವನ್ನು ಕಲ್ಪಿಸಿಕೊಳ್ಳಿ ನೋಡೋಣ. ಮನಸ್ಸಿನಲ್ಲಿ ಚೌಕವೊಂದನ್ನು ಮೂಡಿಸಿಕೊಂಡರೆ ಅದಕ್ಕೆ ಕಪ್ಪೋ ಬಿಳುಪೋ ಅಂಚು ಬಂದೇ ಬರುತ್ತದೆ.

ಮೊದಲನೆಯ ಆಕ್ಷೇಪ ತಗಲುವುದು ‘ಬೇರೆ ಬೇರೆ ಥರ ಕಾಣುತ್ತದೆ’ ಎಂಬ ದುರ್ಬಲ ವಾದಕ್ಕೆ. ಬಾದಾಮಿಯ ವಾದಕ್ಕೆ ಅದು ತಗಲುವುದಿಲ್ಲ. ಎರಡನೆಯದು ನಿಜಕ್ಕೂ ಗಟ್ಟಿಯಾದದ್ದು. ಆದರೆ ಅದು ಹೇಳುವುದು ನಮ್ಮ ಕಲ್ಪನೆಯ ಮಿತಿಯನ್ನು. ವಸ್ತುಗಳನ್ನು ನಾವು ಕಲ್ಪಿಸಿಕೊಳ್ಳುವುದಷ್ಟೇ ಅಲ್ಲ, ಅಳೆಯುತ್ತೇವೆ ಕೂಡ. ಬಣ್ಣ ಕಾಣದ ಕಣ್ಣಿನವರೂ ಕುರುಡರೂ ಒಂದೇ ಮೇಜನ್ನು ಅಳೆದು ಒಂದೇ ಅಂಕಿ ಹೇಳುತ್ತಾರೆ. ಈ ಅಳತೆಯ ಮಾತಿಗೆ ಕೊನೆಯಲ್ಲಿ ಮತ್ತೆ ಬರಬೇಕಾಗುತ್ತದೆ.

ಮೂರು ಹಳದಿಗಳು

ಲಾಕ್‌ಗೆ ಕಣಗಳ ಜೋಡಣೆಯನ್ನು ನೋಡುವ ದಾರಿ ಇರಲಿಲ್ಲ. ಇಂದು ಅರಿಶಿನದ ವಿಷಯದಲ್ಲಿ ಅದು ನಮಗೆ ಸಾಕಷ್ಟು ತಿಳಿದಿದೆ. ಅರಿಶಿನದ ಬಣ್ಣಕ್ಕೆ ಕಾರಣವಾದ ಮುಖ್ಯ ಅಣು ಕರ್ಕ್ಯುಮಿನ್. ಅದು ಮುಖ್ಯವಾಗಿ 425 ನ್ಯಾನೋಮೀಟರ್ ಆಸುಪಾಸಿನ ನೇರಳೆ-ನೀಲಿ ಬೆಳಕನ್ನು ಹೀರಿಕೊಳ್ಳುತ್ತದೆ. ಹಸಿರು, ಹಳದಿ, ಕೆಂಪು ಭಾಗದ ಬೆಳಕು ಉಳಿದು ನಮ್ಮ ಕಣ್ಣಿಗೆ ಬರುತ್ತದೆ. ಸುಣ್ಣದ ಕ್ಷಾರ ಬಿದ್ದಾಗ ಆ ಅಣುವಿನಿಂದ ಹೈಡ್ರೋಜನ್ನಿನ ಒಂದು ಪ್ರೋಟಾನ್ ಕಳಚಿಕೊಳ್ಳುತ್ತದೆ, ಅಣುವಿನ ಉದ್ದಕ್ಕೂ ಎಲೆಕ್ಟ್ರಾನುಗಳ ಹಂಚಿಕೆ ಬದಲಾಗುತ್ತದೆ. ಹೀರುವ ಬೆಳಕು ಉದ್ದನೆಯ ತರಂಗಗಳ ಕಡೆಗೆ ಸರಿದು ಹಸಿರಿನ ಭಾಗವನ್ನೂ ನುಂಗಲು ತೊಡಗುತ್ತದೆ. ಕೆಂಪಿನ ಭಾಗ ಮೇಲುಗೈಯಾಗಿ ಉಳಿಯುತ್ತದೆ. ನಿಂಬೆರಸದ ಆಮ್ಲ ಆ ಪ್ರೋಟಾನನ್ನು ಮರಳಿ ಕೊಟ್ಟಾಗ ಎಲ್ಲ ಮೊದಲಿನಂತೆ. ಒನಕೆಯ ಜಾಗದಲ್ಲಿ ಸುಣ್ಣ ನಿಂತಿದೆ. ಲಾಕ್ ಹೇಳಿದ್ದು ಅಕ್ಷರಶಃ ನಡೆದಿದೆ.

ಇಷ್ಟು ಕೇಳಿದ ಮೇಲೆ ಒಬ್ಬರು ಹೀಗೆ ಹೇಳಬಹುದು: ಹಾಗಿದ್ದರೆ ಸಮಸ್ಯೆ ಬಗೆಹರಿಯಿತಲ್ಲ, ಯಾವ ಬೆಳಕನ್ನು ಹೀರಿ ಯಾವುದನ್ನು ಮರಳಿಸುತ್ತದೆ ಎಂಬುದೇ ಬಣ್ಣ, ಅದು ವಸ್ತುವಿನಲ್ಲೇ ಇದೆ. ಇಂದಿನ ಹಲವು ತತ್ತ್ವಶಾಸ್ತ್ರಜ್ಞರ ನಿಲುವೂ ಇದಕ್ಕೆ ಹತ್ತಿರವಾದದ್ದೇ. ಅದರಲ್ಲಿ ಬಲವಿದೆ. ಬೆಳಿಗ್ಗೆ, ಮಧ್ಯಾಹ್ನ, ಮೋಡ ಕವಿದ ಸಂಜೆ, ಹೀಗೆ ಬೆಳಕು ಎಷ್ಟೇ ಬದಲಾದರೂ ಅರಿಶಿನ ಹೆಚ್ಚುಕಡಿಮೆ ಹಳದಿಯಾಗಿಯೇ ಕಾಣುತ್ತದೆ; ನಮ್ಮ ಮಿದುಳು ಬೆಳಕಿನ ಏರುಪೇರನ್ನು ಕಳೆದು, ಮೇಲ್ಮೈಯ ಗುಣವನ್ನು ಹಿಡಿಯಲು ಹೆಣಗುತ್ತದೆ. ಆದರೆ ಈ ನಿಲುವು ಎಡವುವ ಒಂದು ಜಾಗವಿದೆ.

ಮೊಬೈಲಿನ ಪರದೆಯ ಮೇಲೆ ಅರಿಶಿನದ ಚಿತ್ರವೊಂದನ್ನು ತೆರೆದು, ಅದರ ಹಳದಿ ಭಾಗದ ಮೇಲೆ ನೀರಿನ ಒಂದು ಸಣ್ಣ ಹನಿ ಇಡಿ. ಹನಿ ಭೂತಗನ್ನಡಿಯಂತೆ ಕೆಲಸ ಮಾಡುತ್ತದೆ. ಅದರೊಳಗೆ ಹಳದಿ ಚುಕ್ಕೆ ಒಂದೂ ಇಲ್ಲ. ಇರುವುದು ಕೆಂಪು ಮತ್ತು ಹಸಿರು ಚುಕ್ಕೆಗಳು, ಅಲ್ಲಲ್ಲಿ ಮಂಕಾದ ನೀಲಿ. ಈಗ ಮೂರು ಹಳದಿಗಳನ್ನು ಪಕ್ಕಪಕ್ಕ ಇಟ್ಟು ಯೋಚಿಸಿ. ಮೊದಲನೆಯದು ಅರಿಶಿನದ್ದು: ಹಸಿರಿನಿಂದ ಕೆಂಪಿನವರೆಗಿನ ಬೆಳಕಿನ ದೊಡ್ಡ ಹರವು. ಎರಡನೆಯದು ಸೋಡಿಯಂನ ಜ್ವಾಲೆಯದು. ಒಲೆಯ ಉರಿಗೆ ಉಪ್ಪು ಬಿದ್ದಾಗ ಹೊಮ್ಮುವ ಹಳದಿ ಅದೇ. ಅದು ಬಹುಪಾಲು 589 ನ್ಯಾನೋಮೀಟರಿನ ಸುತ್ತಮುತ್ತಲಿನ ಒಂದೇ ಬಗೆಯ ಬೆಳಕು. ಮೂರನೆಯದು ಪರದೆಯದು: ಕೆಂಪು ಮತ್ತು ಹಸಿರು, ನಡುವೆ ಹಳದಿಯ ಭಾಗ ಬಹುಮಟ್ಟಿಗೆ ಖಾಲಿ. ಭೌತಶಾಸ್ತ್ರದ ಲೆಕ್ಕದಲ್ಲಿ ಈ ಮೂರಕ್ಕೂ ಇರುವ ಸಾಮ್ಯ ತೀರಾ ಕಡಿಮೆ. ನಮಗೆ ಮಾತ್ರ ಮೂರೂ ಹಳದಿ.

ಕಾರಣ ನಮ್ಮ ಕಣ್ಣಿನಲ್ಲಿದೆ. ಅಕ್ಷಿಪಟಲದಲ್ಲಿ ಬಣ್ಣ ಗುರುತಿಸುವ ಶಂಕುಕೋಶಗಳು ಮೂರು ಬಗೆ. ಒಂದು ಬಗೆ ಉದ್ದನೆಯ ತರಂಗಗಳಿಗೆ ಹೆಚ್ಚು ಸ್ಪಂದಿಸುತ್ತದೆ, ಇನ್ನೊಂದು ಮಧ್ಯಮ ತರಂಗಗಳಿಗೆ, ಮೂರನೆಯದು ಗಿಡ್ಡ ತರಂಗಗಳಿಗೆ. ಒಂದು ಕೋಶಕ್ಕೆ ತಾನು ಎಷ್ಟು ಬೆಳಕು ಹಿಡಿದೆ ಎಂದು ಹೇಳಲು ಮಾತ್ರ ಬರುತ್ತದೆ. ಹಿಡಿದದ್ದು ಯಾವ ತರಂಗ ಎಂದು ಹೇಳಲು ಬರುವುದಿಲ್ಲ. ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಸಂಜೆಗೆ ಒಟ್ಟು ಮೊತ್ತ ಗೊತ್ತಾಗುತ್ತದೆ, ಯಾವ ನೋಟು ಯಾರಿಂದ ಬಂತೆಂದು ಗೊತ್ತಾಗುವುದಿಲ್ಲವಲ್ಲ, ಹಾಗೆ. ಮೂರು ಪೆಟ್ಟಿಗೆಗಳ ಮೊತ್ತಗಳ ಪ್ರಮಾಣ ಒಂದೇ ಆದರೆ ಮಿದುಳಿಗೆ ಬಣ್ಣ ಒಂದೇ. ಸೋಡಿಯಂನ ಬೆಳಕು ಉದ್ದ ಮತ್ತು ಮಧ್ಯಮ ಕೋಶಗಳೆರಡನ್ನೂ ತಟ್ಟುತ್ತದೆ, ಗಿಡ್ಡದ್ದನ್ನು ಬಹುತೇಕ ಮುಟ್ಟುವುದಿಲ್ಲ. ಪರದೆಯ ಕೆಂಪು-ಹಸಿರುಗಳು ಕೂಡಿ ಅದೇ ಪ್ರಮಾಣವನ್ನು ತರುತ್ತವೆ. ಭೌತಿಕವಾಗಿ ಬೇರೆಯಾಗಿದ್ದೂ ಕಣ್ಣಿಗೆ ಒಂದೇ ಆಗಿ ಕಾಣುವ ಇಂಥ ಜೋಡಿಗಳನ್ನು ಬಣ್ಣಗಳ ವಿಜ್ಞಾನದಲ್ಲಿ ಮೆಟಮರ್‌ಗಳು ಎನ್ನುತ್ತಾರೆ.

ಮೆಟಮರ್ ಎಂಬ ಹೆಸರು ಕೇಳದವರಿಗೂ ಅದರ ತೊಂದರೆ ಗೊತ್ತು. ಸೀರೆ ಹಿಡಿದುಕೊಂಡು ಮ್ಯಾಚಿಂಗ್ ಸೆಂಟರಿಗೆ ಹೋಗಿ, ಟ್ಯೂಬ್‌ಲೈಟಿನ ಕೆಳಗೆ ಬ್ಲೌಸ್ ಪೀಸ್ ಇಟ್ಟು ನೋಡಿದಾಗ ಎರಡೂ ಒಂದೇ. ಮನೆಯ ಅಂಗಳಕ್ಕೆ ಬಂದು ನೋಡಿದರೆ ಒಂದು ಕೊಂಚ ಹಸಿರು, ಇನ್ನೊಂದು ಕೊಂಚ ನೀಲಿ. ರೇಷ್ಮೆ ಸೀರೆಗೆ ಹಾಕಿದ ಬಣ್ಣ ಬೇರೆ, ಹತ್ತಿಯ ಪೀಸಿಗೆ ಹಾಕಿದ ಬಣ್ಣ ಬೇರೆ. ಅವು ಬೆಳಕನ್ನು ಮರಳಿಸುವ ರೀತಿಯೂ ಬೇರೆ. ಟ್ಯೂಬ್‌ಲೈಟಿನ ಬೆಳಕು ಕೆಲವು ತರಂಗಗಳಲ್ಲಿ ಮಾತ್ರ ಜೋರಾಗಿದ್ದು ಉಳಿದ ಕಡೆ ತೆಳುವಾಗಿರುವುದರಿಂದ, ಎರಡು ಬಟ್ಟೆಗಳ ವ್ಯತ್ಯಾಸವಿರುವ ಜಾಗ ಕತ್ತಲಲ್ಲೇ ಉಳಿದುಬಿಡುತ್ತದೆ. ಬಿಸಿಲು ಎಲ್ಲ ತರಂಗಗಳನ್ನೂ ತಂದು ಅದನ್ನು ಬಯಲು ಮಾಡುತ್ತದೆ.

ಡಾಲ್ಟನ್ನನ ಹೂವು

ಬೆಳಕು ಬದಲಾದರೆ ಹೀಗೆ. ನೋಡುವ ಕಣ್ಣೇ ಬದಲಾದರೆ?

1792ರಲ್ಲಿ ಒಂದು ಸಂಜೆ ಇಂಗ್ಲೆಂಡಿನ ಜಾನ್ ಡಾಲ್ಟನ್ ಮೇಣದ ಬತ್ತಿಯ ಬೆಳಕಿನಲ್ಲಿ ಜೆರೇನಿಯಂ ಹೂವೊಂದನ್ನು ನೋಡಿದ. ಮುಂದೆ ಪರಮಾಣು ಸಿದ್ಧಾಂತಕ್ಕೆ ಹೆಸರಾದ ಡಾಲ್ಟನ್ ಇವನೇ. ಉಳಿದವರೆಲ್ಲ ಗುಲಾಬಿ ಬಣ್ಣದ್ದೆನ್ನುವ ಆ ಹೂ ಹಗಲಿನಲ್ಲಿ ಅವನಿಗೆ ಆಕಾಶದ ನೀಲಿಯಾಗಿ ಕಾಣುತ್ತಿತ್ತು. ಬತ್ತಿಯ ಬೆಳಕಿನಲ್ಲಿ ಅದು ನೀಲಿಯ ಲವಲೇಶವೂ ಇಲ್ಲದೆ ಕೆಂಪಾಗಿ ಕಂಡಿತು. ಗೆಳೆಯರಿಗೆ ತೋರಿಸಿದರೆ ಅಂಥ ದೊಡ್ಡ ಬದಲಾವಣೆ ಯಾರಿಗೂ ಕಾಣಲಿಲ್ಲ, ಅವನ ತಮ್ಮನೋ ಅಣ್ಣನೋ ಎಂಬಂತೆ ಜೊತೆಗಿದ್ದ ಸ್ವಂತ ಸಹೋದರನೊಬ್ಬನನ್ನು ಬಿಟ್ಟು. ತನ್ನ ಕಣ್ಣು ಇತರರ ಕಣ್ಣಿನಂತಿಲ್ಲ ಎಂದು ಡಾಲ್ಟನ್ನನಿಗೆ ಗೊತ್ತಾದದ್ದು ಹಾಗೆ. 1794ರಲ್ಲಿ ಮ್ಯಾಂಚೆಸ್ಟರಿನ ವಿದ್ವತ್ಸಭೆಯ ಮುಂದೆ ಅವನು ಇದನ್ನು ಪ್ರಬಂಧವಾಗಿ ಓದಿದ. ಕಣ್ಣೊಳಗಿನ ದ್ರವ ನೀಲಿಯಾಗಿದ್ದು ಕೆಂಪು ಬೆಳಕನ್ನು ಹೀರುತ್ತಿರಬೇಕು ಎಂಬುದು ಅವನ ಊಹೆಯಾಗಿತ್ತು. ತಾನು ಸತ್ತ ಮೇಲೆ ಕಣ್ಣು ಕೊಯ್ದು ಪರೀಕ್ಷಿಸಿ ಎಂದು ಹೇಳಿಟ್ಟಿದ್ದ. 1844ರಲ್ಲಿ ಅವನು ತೀರಿಕೊಂಡಾಗ ವೈದ್ಯರು ನೋಡಿದರು. ದ್ರವ ನೀಲಿಯಾಗಿರಲಿಲ್ಲ. ಜೋಪಾನ ಮಾಡಿಟ್ಟಿದ್ದ ಕಣ್ಣಿನ ತುಣುಕಿನಿಂದ ಡಿಎನ್‌ಎ ತೆಗೆದು ಪರೀಕ್ಷಿಸಿದ ಫಲಿತಾಂಶ 1995ರಲ್ಲಿ ಪ್ರಕಟವಾಯಿತು: ಮಧ್ಯಮ ತರಂಗಗಳಿಗೆ ಸ್ಪಂದಿಸುವ ಶಂಕುಕೋಶದ ವರ್ಣಕ ಅವನಲ್ಲಿರಲಿಲ್ಲ.

ಮೂರು ಗಲ್ಲಾಪೆಟ್ಟಿಗೆಗಳ ಜಾಗದಲ್ಲಿ ಡಾಲ್ಟನ್ನನಿಗೆ ಎರಡೇ ಇದ್ದವು. ಜೆರೇನಿಯಂ ಹೂ ಮರಳಿಸುವ ಬೆಳಕಿನಲ್ಲಿ ನೀಲಿಯ ಭಾಗವೂ ಇದೆ, ಕೆಂಪಿನ ಭಾಗವೂ ಇದೆ. ಹಗಲಿನ ಬೆಳಕಿನಲ್ಲಿ ನೀಲಿ ಧಾರಾಳ, ಬತ್ತಿಯ ಬೆಳಕಿನಲ್ಲಿ ಅದು ಬಹಳ ಕಡಿಮೆ. ಎರಡೇ ಪೆಟ್ಟಿಗೆಗಳಿದ್ದಾಗ ತಕ್ಕಡಿ ಹಗಲಲ್ಲಿ ಒಂದು ಕಡೆ, ರಾತ್ರಿ ಇನ್ನೊಂದು ಕಡೆ ವಾಲಿಬಿಡುತ್ತದೆ. ಹೂವಿನ ಎಸಳಿನಲ್ಲಿ ಮಾತ್ರ ಏನೂ ಬದಲಾಗಿರಲಿಲ್ಲ.

ಹಾಗಾದರೆ ಆ ಹೂವಿನ ನಿಜವಾದ ಬಣ್ಣ ಯಾವುದು? ಗುಲಾಬಿ ಎನ್ನಲು ನಮಗಿರುವ ಆಧಾರ, ನಮ್ಮಂಥ ಕಣ್ಣುಗಳು ಹೆಚ್ಚು ಎಂಬುದಷ್ಟೇ. ಜೇನುನೊಣ ನಮಗೆ ಕಾಣದ ಅತಿನೇರಳೆಯನ್ನು ನೋಡುತ್ತದೆ. ಅನೇಕ ಹಕ್ಕಿಗಳಿಗೆ ನಾಲ್ಕು ಬಗೆಯ ಶಂಕುಕೋಶಗಳಿವೆ. ನಾವು ಒಂದೇ ಎನ್ನುವ ಎರಡು ಹಳದಿಗಳು ಅವುಗಳಿಗೆ ಬೇರೆ ಬೇರೆ ಕಾಣಬಹುದು. ಹಕ್ಕಿಯದು ತಪ್ಪು, ನಮ್ಮದು ಸರಿ ಎನ್ನಲು ಹೂವಿನ ಕಡೆಯಿಂದ ಯಾವ ಸಾಕ್ಷಿಯೂ ಸಿಗುವುದಿಲ್ಲ.

ಹದಿನೇಳು ಜನರ ಕಣ್ಣು

ಅಳತೆಯ ಮಾತಿಗೆ ಮರಳೋಣ. ಲಾಕ್‌ನ ವಿಂಗಡಣೆ ಇಂದಿಗೂ ನಿಲ್ಲುತ್ತದೆಯೇ ಎಂದು ತಿಳಿಯಲು ನನಗೆ ಕಾಣುವ ಅತ್ಯಂತ ಸ್ಪಷ್ಟ ಜಾಗ ಅದು.

ಒಂದು ಹಲಗೆಯ ಉದ್ದ ಎಷ್ಟು ಎಂದು ಹೇಳಲು ಹಲಗೆ ಮತ್ತು ಅಳತೆಗೋಲು ಸಾಕು. ಮೀಟರಿನ ವ್ಯಾಖ್ಯೆಯಲ್ಲಿ ಮನುಷ್ಯನ ಯಾವ ಅಂಗಕ್ಕೂ ಜಾಗವಿಲ್ಲ. ಬಣ್ಣವನ್ನು ಅಂಕಿಗಳಲ್ಲಿ ಹೇಳಬೇಕಾದರೆ ಹಾಗಾಗುವುದಿಲ್ಲ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳಲ್ಲಿ, ಪೇಂಟ್ ತಯಾರಿಸುವಲ್ಲಿ ಇಂದು ಬಣ್ಣವನ್ನು ಮೂರು ಅಂಕಿಗಳಲ್ಲಿ ಬರೆಯುತ್ತಾರೆ. ಆ ಅಂಕಿಗಳನ್ನು ಪಡೆಯಲು ಮೂರು ಸಂಗತಿಗಳು ಬೇಕೇ ಬೇಕು: ಮೇಲ್ಮೈ ಯಾವ ತರಂಗವನ್ನು ಎಷ್ಟು ಮರಳಿಸುತ್ತದೆ, ಅದರ ಮೇಲೆ ಬೀಳುವ ಬೆಳಕು ಯಾವುದು, ನೋಡುವ ಕಣ್ಣು ಯಾವುದು. ಮೂರನೆಯದಕ್ಕಾಗಿ 1931ರಲ್ಲಿ ಅಂತರರಾಷ್ಟ್ರೀಯ ಬೆಳಕಿನ ಆಯೋಗ ‘ಪ್ರಮಾಣಿತ ವೀಕ್ಷಕ’ ಎಂಬ ಕೋಷ್ಟಕವನ್ನು ನಿಗದಿ ಮಾಡಿತು. ಅದರ ಮೂಲ ಇಂಗ್ಲೆಂಡಿನಲ್ಲಿ ನಡೆದ ಎರಡು ಪ್ರಯೋಗಗಳು. ಡೇವಿಡ್ ರೈಟ್ ಹತ್ತು ಜನರನ್ನು, ಜಾನ್ ಗಿಲ್ಡ್ ಏಳು ಜನರನ್ನು ಕೂರಿಸಿ, ಎದುರಿಗಿದ್ದ ಬಣ್ಣಕ್ಕೆ ಸರಿಹೊಂದುವವರೆಗೆ ಕೆಂಪು, ಹಸಿರು, ನೀಲಿ ಬೆಳಕುಗಳನ್ನು ಬೆರೆಸಲು ಹೇಳಿದ್ದರು. ಆ ಹದಿನೇಳು ಜನರ ಕಣ್ಣುಗಳ ಸರಾಸರಿಯೇ ಇಂದಿಗೂ ಬಣ್ಣದ ಬಹುಪಾಲು ಲೆಕ್ಕಗಳ ಬುನಾದಿ.

ಇದರ ಅರ್ಥವನ್ನು ನಿಧಾನವಾಗಿ ನೋಡಬೇಕು. ಆ ಕೋಷ್ಟಕವನ್ನು ತೆಗೆದುಬಿಟ್ಟರೆ ಬಟ್ಟೆ ಬೆಳಕನ್ನು ಮರಳಿಸುವುದು ನಿಲ್ಲುವುದಿಲ್ಲ. ಕರ್ಕ್ಯುಮಿನ್ ಅಣು ಕತ್ತಲೆಯ ಡಬ್ಬಿಯಲ್ಲಿದ್ದಾಗಲೂ ತನ್ನ ರಚನೆಯನ್ನು ಉಳಿಸಿಕೊಂಡಿರುತ್ತದೆ; ಬೆಳಕು ಬಿದ್ದರೆ ಏನು ಮಾಡಬೇಕೋ ಅದನ್ನು ಮಾಡಲು ಸಿದ್ಧವಾಗಿರುತ್ತದೆ. ಈ ಅರ್ಥದಲ್ಲಿ ಬಣ್ಣದ ಶಕ್ತಿ ವಸ್ತುವಿನಲ್ಲೇ ಇದೆ, ಗೆಲಿಲಿಯೋ ಹೇಳಿದಂತೆ ಬರೀ ಹೆಸರಲ್ಲ. ಆದರೆ ಅರಿಶಿನದ ಪುಡಿ, ಉಪ್ಪು ಬಿದ್ದ ಉರಿ, ಮೊಬೈಲಿನ ಪರದೆ ಈ ಮೂರನ್ನೂ ಒಟ್ಟಿಗೆ ತಂದು ‘ಹಳದಿ’ ಎಂಬ ಒಂದೇ ಹೆಸರಿನಡಿ ಕೂರಿಸುವುದು ಯಾವ ಅಣುವಿನಿಂದಲೂ ಆಗದು. ಆ ಕೆಲಸ ಮೂರು ಬಗೆಯ ಶಂಕುಕೋಶಗಳಿರುವ ಕಣ್ಣಿನದು. ಶಕ್ತಿ ವಸ್ತುವಿನದು, ವಿಂಗಡಣೆ ನಮ್ಮದು. ಬಣ್ಣ ವಸ್ತುವಿನಲ್ಲಿದೆಯೇ ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಸಿಗದಿರುವುದು, ಆ ಒಂದು ಪ್ರಶ್ನೆಯೊಳಗೆ ಈ ಎರಡು ಸಂಗತಿಗಳು ಸೇರಿಕೊಂಡಿರುವುದರಿಂದ.

ಇಷ್ಟಾದ ಮೇಲೂ ಉಳಿಯುವ ಒಂದು ಗಂಟಿದೆ. ಹಳದಿಯಾಗಿರುವುದೆಂದರೆ ಹಳದಿಯಾಗಿ ಕಾಣಿಸುವ ಶಕ್ತಿ ಎಂದೆವು. ಆ ‘ಹಳದಿಯಾಗಿ ಕಾಣುವುದು’ ಎಂದರೇನು? ತರಂಗಗಳ ಪಟ್ಟಿ, ಕೋಶಗಳ ಲೆಕ್ಕ, ಮಿದುಳಿನ ದಾರಿ ಎಲ್ಲವನ್ನೂ ಬರೆದು ಮುಗಿಸಿದರೂ, ಅರಿಶಿನವನ್ನು ನೋಡಿದಾಗ ಮನಸ್ಸಿಗೆ ಆಗುವ ಆ ಹಳದಿಯ ಅನುಭವ ಪಟ್ಟಿಯಲ್ಲಿ ಎಲ್ಲೂ ಸಿಗುವುದಿಲ್ಲ. ಕಣಗಳ ಒಂದು ಜೋಡಣೆಗೂ ಒಂದು ಅನುಭವಕ್ಕೂ ನಡುವಿನ ಸಂಬಂಧವನ್ನು ನಾವು ಕಾಣಲಾರೆವು ಎಂದು ಲಾಕ್ ಕೂಡ ಒಪ್ಪಿಕೊಂಡಿದ್ದ. ಬಣ್ಣವನ್ನು ವಸ್ತುವಿನಿಂದ ಎತ್ತಿ ಮನಸ್ಸಿಗೆ ಸಾಗಿಸಿದ ವಿಜ್ಞಾನಕ್ಕೆ ಆ ಮನಸ್ಸನ್ನು ವಿವರಿಸುವ ಕೆಲಸ ಇನ್ನೂ ಬಾಕಿ ಇದೆ.

ಅಷ್ಟರಲ್ಲಿ ಸೀರೆಯಂಗಡಿಯಲ್ಲಿ ಹಿರಿಯ ಹೆಂಗಸೊಬ್ಬರು ಸೆರಗನ್ನೂ ಬ್ಲೌಸ್ ಪೀಸನ್ನೂ ಎತ್ತಿಕೊಂಡು, ‘ತಡಿಯಪ್ಪ, ಬಿಸಿಲಲ್ಲಿ ನೋಡ್ತೀನಿ’ ಎಂದು ಬಾಗಿಲಿಗೆ ಬರುತ್ತಾರೆ. ಬಟ್ಟೆಯ ‘ನಿಜವಾದ’ ಬಣ್ಣ ಬಿಸಿಲಿನಲ್ಲಿ ಅಡಗಿ ಕೂತಿಲ್ಲ. ಆದರೂ ಅವರು ಮಾಡುತ್ತಿರುವುದು ಸರಿಯಾದದ್ದನ್ನೇ. ಆ ಸೀರೆ ಉಡುವುದು ಹಗಲು ಹೊತ್ತಿನ ಮದುವೆಗೆ, ನೋಡುವವರು ತಮ್ಮಂಥ ಕಣ್ಣಿನವರು. ಯಾವ ಬೆಳಕಿನಲ್ಲಿ, ಯಾರ ಕಣ್ಣಿಗೆ ಎಂಬೆರಡನ್ನೂ ಗೊತ್ತು ಮಾಡಿಕೊಂಡೇ ಅವರು ಬಣ್ಣ ಕೇಳುತ್ತಿದ್ದಾರೆ. ಹಾಗೆ ಕೇಳಿದಾಗ ಸೀರೆಯಿಂದ ಖಚಿತವಾದ ಉತ್ತರ ಬರುತ್ತದೆ.